ಗಂಟಲಿನ ಒಂದೇ ಕಡೆ ನೋವು, ಜ್ವರ, ದನಿಯೂ ಬದಲಾಗಿದೆ: ಟಾನ್ಸಿಲ್ ಪಕ್ಕ ಕೀವು ತುಂಬಿದೆಯಾ?

"ನಾಲ್ಕು ದಿನದಿಂದ ಬಲಗಡೆ ಮಾತ್ರ ನುಂಗೋಕೆ ವಿಪರೀತ ನೋವು. ಜ್ವರ ಇದೆ. ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡು ಮಾತಾಡಿದ ಹಾಗೆ ದನಿ. ನಾಳೆವರೆಗೆ ಕಾಯಬಹುದಾ?"

ಕಾಯಬೇಡಿ. ಇವತ್ತೇ ಇಎನ್‌ಟಿ ಡಾಕ್ಟರ್ ಇರುವ ಆಸ್ಪತ್ರೆಗೆ ಹೋಗಿ. ಸಾಮಾನ್ಯ ಗಂಟಲು ನೋವು ಹೆಚ್ಚಾಗಿ ಎರಡೂ ಕಡೆ ಇರುತ್ತದೆ. ಒಂದೇ ಕಡೆ ಜಾಸ್ತಿಯಾಗುತ್ತಾ ಹೋಗಿ ದನಿಯೂ ಬದಲಾದರೆ, ಟಾನ್ಸಿಲ್ ಪಕ್ಕದಲ್ಲಿ ಕೀವು ಕಟ್ಟಿರಬಹುದು.

ನನ್ನ ತಮ್ಮನಿಗೆ ಹೀಗೇ ಆಗಿತ್ತು. ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ, ಅದೇ ಕಡೆಯ ಕಿವಿಯೂ ನೋಯುತ್ತಿತ್ತು. ಟಾರ್ಚ್ ಹಾಕಿ ನೋಡಿದರೆ ಬಲಗಡೆ ಉಬ್ಬಿ, ಕಿರುನಾಲಿಗೆ ಎಡಕ್ಕೆ ಸರಿದಿತ್ತು. ಅಷ್ಟು ಕಂಡರೆ ಡಾಕ್ಟರಿಗೆ ಬಹುತೇಕ ಗೊತ್ತಾಗುತ್ತದೆ. ಅನುಮಾನ ಇದ್ದರೆ ಸ್ಕ್ಯಾನ್ ಮಾಡಿಸುತ್ತಾರೆ.

ಕಟ್ಟಿದ ಕೀವಿನೊಳಗೆ ಔಷಧಿ ಸರಿಯಾಗಿ ಇಳಿಯುವುದಿಲ್ಲ. ಹಾಗಾಗಿ ಬರೀ ಮಾತ್ರೆ ನುಂಗಿದರೆ ಸಾಮಾನ್ಯವಾಗಿ ಸಾಲದು. ಅವನ ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆದು, ಸೂಜಿಯಿಂದ ಕೀವು ಎಳೆದರು. ಆ ಕ್ಷಣ ನೋವಾಯಿತು, ಆದರೆ ಅರ್ಧ ಗಂಟೆಯಲ್ಲಿ ನೀರು ಕುಡಿದ! ಆಮೇಲೆ ಎರಡು ದಿನ ಡ್ರಿಪ್‌ನಲ್ಲಿ ಆ್ಯಂಟಿಬಯಾಟಿಕ್ ಕೊಟ್ಟರು. ಕೆಲವರಿಗೆ ಕೀವು ಮತ್ತೆ ತುಂಬುತ್ತದೆ, ಅದಕ್ಕೇ ಮರುದಿನ ಮತ್ತೆ ನೋಡುತ್ತಾರೆ.

ಮನೆಯಲ್ಲಿ ಚಮಚ, ಕಡ್ಡಿ ಹಾಕಿ ಒತ್ತಿ ನೋಡಬೇಡಿ. ಉಳಿದಿರುವ ಹಳೇ ಆ್ಯಂಟಿಬಯಾಟಿಕ್ ಸುಮ್ನೆ ನುಂಗಬೇಡಿ. ಉಸಿರಾಟ ಕಷ್ಟವಾದರೆ, ಎಂಜಲೂ ನುಂಗಲಾಗದೆ ಜೊಲ್ಲು ಸುರಿದರೆ, ಕುತ್ತಿಗೆ ಊದಿದರೆ, ಮಲಗಬೇಡಿ. ನೆಟ್ಟಗೆ ಕೂತು ತಕ್ಷಣ 108ಕ್ಕೆ ಫೋನ್ ಮಾಡಿ.