ಪೊಸೆಶನ್ ಕಲಂನಲ್ಲಿ ಎರಡೆರಡು ತಾರೀಖು: ಸೈನ್ ಹಾಕುವ ಮುಂಚೆ ಏನು ನೋಡಬೇಕು?

ಪ್ರಶ್ನೆ: ಬೆಂಗಳೂರಿನಲ್ಲಿ ಕಟ್ಟುತ್ತಿರುವ ಒಂದು ಅಪಾರ್ಟ್‌ಮೆಂಟಿನಲ್ಲಿ ಫ್ಲ್ಯಾಟ್ ಬುಕ್ ಮಾಡಿದ್ದೇವೆ. ಮಾರ್ಚ್ 10, 2026ಕ್ಕೆ ಅಗ್ರಿಮೆಂಟ್ ರಿಜಿಸ್ಟರ್ ಅಂತ ಹೇಳಿದ್ದಾರೆ. ಡ್ರಾಫ್ಟಿನ ಕಲಂ 8.1ರಲ್ಲಿ ಪೊಸೆಶನ್ ಜೂನ್ 30, 2028, ಅದರ ಮೇಲೆ ಆರು ತಿಂಗಳು ಗ್ರೇಸ್ ಅಂತಿದೆ. ಕೊನೆಯ ಅನುಬಂಧದಲ್ಲಿ "36 ತಿಂಗಳು" ಅಂತ ಬೇರೆ ಇದೆ. ಕೇಳಿದರೆ "ಸ್ಟ್ಯಾಂಡರ್ಡ್ ಫಾರ್ಮ್ಯಾಟ್ ಸರ್, ಎಲ್ಲರೂ ಇದಕ್ಕೇ ಸೈನ್ ಮಾಡಿದ್ದಾರೆ" ಅಂತಾರೆ. ಡ್ರಾಫ್ಟ್ ಜೊತೆಗೆ ಕಳಿಸಿದ್ದೇನೆ. ಈ ಒಂದು ಕಲಂ ಅನ್ನಾದರೂ ನಾವೇ ಸರಿಯಾಗಿ ಓದುವುದು ಹೇಗೆ?

ಉತ್ತರ: ಡ್ರಾಫ್ಟ್ ಪೂರ್ತಿ ಓದಿದೆ. ಈಗ ಇರುವ ಹಾಗೆ ಸೈನ್ ಹಾಕಬೇಡಿ. ನಿಮ್ಮ ಕಣ್ಣಿಗೆ ಬಿದ್ದಿರುವ 36 ತಿಂಗಳಿಗಿಂತ ದೊಡ್ಡ ತೊಂದರೆ ಇನ್ನೊಂದು ಕಡೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ತಾರೀಖುಗಳನ್ನು ಹುಡುಕಿ. 8.1 ಒಂದನ್ನೇ ಎಷ್ಟು ಸಲ ಓದಿದರೂ ಏನೂ ಗೊತ್ತಾಗುವುದಿಲ್ಲ, ಯಾಕೆಂದರೆ ಪೊಸೆಶನ್ ವಿಷಯ ಅಗ್ರಿಮೆಂಟಿನ ತುಂಬಾ ಚದುರಿ ಬಿದ್ದಿರುತ್ತದೆ. ಬಿಲ್ಡರ್ ಕಡೆಯಿಂದ ವರ್ಡ್ ಫೈಲ್ ಕೇಳಿ ತರಿಸಿಕೊಳ್ಳಿ. ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ ಹುಡುಕಲು ಆಗುವುದಿಲ್ಲ. Ctrl+F ಒತ್ತಿ `possession`, `completion`, `hand over`, `months`, `days` ಈ ಐದನ್ನೂ ಒಂದೊಂದಾಗಿ ಹುಡುಕಿ. ಸಿಕ್ಕಿದ ಪ್ರತಿ ಜಾಗವನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಕಲಂ ನಂಬರ್, ಅಲ್ಲಿರುವ ಅವಧಿ, ಆ ಅವಧಿ ಯಾವ ದಿನದಿಂದ ಶುರು. ಈ ಮೂರನೆಯದನ್ನೇ ಜನ ಬರೆದುಕೊಳ್ಳುವುದಿಲ್ಲ.

ನಿಮ್ಮ ಡ್ರಾಫ್ಟಿನಲ್ಲಿ ಹಾಗೆ ಮಾಡಿದರೆ ಹೀಗೆ ಬರುತ್ತದೆ. 8.1ರಲ್ಲಿ ಜೂನ್ 30, 2028. ಅನುಬಂಧದಲ್ಲಿ "ಈ ಅಗ್ರಿಮೆಂಟಿನ ದಿನದಿಂದ 36 ತಿಂಗಳು", ಅಂದರೆ ಹೇಳಿದ ದಿನವೇ ರಿಜಿಸ್ಟರ್ ಆದರೂ ಮಾರ್ಚ್ 10, 2029. ರಿಜಿಸ್ಟ್ರೇಶನ್ ಎರಡು ತಿಂಗಳು ಮುಂದೆ ಹೋದರೆ ಇದೂ ಎರಡು ತಿಂಗಳು ಮುಂದೆ ಹೋಗುತ್ತದೆ, ಮತ್ತು ಆ ದಿನವನ್ನು ಗೊತ್ತು ಮಾಡುವವರು ಹೆಚ್ಚುಕಡಿಮೆ ಅವರೇ. ಅದಕ್ಕೇ ನಾನು ಯಾವಾಗಲೂ "ಇಷ್ಟು ತಿಂಗಳು" ಅನ್ನುವುದನ್ನು ತೆಗೆಸಿ ಕ್ಯಾಲೆಂಡರ್ ತಾರೀಖು ಹಾಕಿಸುತ್ತೇನೆ. ಇನ್ನು ಅವರು ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ಕರ್ನಾಟಕ ರೇರಾಗೆ ಕೊಟ್ಟಿರುವ ಮುಗಿಸುವ ದಿನ, ನೀವು ಕಳಿಸಿದ ಪುಟದ ಪ್ರಕಾರ, ಡಿಸೆಂಬರ್ 31, 2028. ಲೆಕ್ಕ ಹಾಕಿ ನೋಡಿ, ಜೂನ್ 30ರ ಮೇಲೆ ಆರು ತಿಂಗಳ ಗ್ರೇಸ್ ಸೇರಿಸಿದರೆ ಬರುವುದೂ ಡಿಸೆಂಬರ್ ಕೊನೆಯೇ. ಅಂದರೆ ಆ ದಿನದಲ್ಲಿ ಗ್ರೇಸ್ ಆಗಲೇ ಸೇರಿದೆ. ಅನುಬಂಧದ 36 ತಿಂಗಳು ರೇರಾಗೆ ಹೇಳಿದ ದಿನವನ್ನೂ ದಾಟುತ್ತದೆ. ನಿಮ್ಮ ವಾದಕ್ಕೆ ಇದೇ ಒಳ್ಳೆಯ ಹಿಡಿ, ಇದನ್ನು ಮುಂದಿಟ್ಟು ಅನುಬಂಧ ತಿದ್ದಲು ಕೇಳಿ.

ರೇರಾ ಪುಟದಲ್ಲಿ ಒಂದು ದಿನ ಇದೆಯಲ್ಲ, ಸಾಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಸಾಲದು. ರೇರಾ ಕಾಯ್ದೆಯ ಸೆಕ್ಷನ್ 18ರ ಪ್ರಕಾರ ತಡವಾಯಿತೇ ಇಲ್ಲವೇ ಅಂತ ಅಳೆಯುವುದು ಅಗ್ರಿಮೆಂಟಿನಲ್ಲಿರುವ ದಿನದಿಂದ. ಪ್ರಾಜೆಕ್ಟಿನ ರಿಜಿಸ್ಟ್ರೇಶನ್ ಎಲ್ಲಿಯವರೆಗೆ ಇದೆ ಅನ್ನುವುದರಿಂದ ಅಲ್ಲ. 2020ರ ಇಂಪೀರಿಯಾ ಸ್ಟ್ರಕ್ಚರ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಇದು ನಿಮಗೆ ಅನುಕೂಲವೇ: ನಾಳೆ ರೇರಾದಿಂದ ಬಿಲ್ಡರ್ ಒಂದು ವರ್ಷ ವಿಸ್ತರಣೆ ತಂದರೂ ನಿಮ್ಮ ಅಗ್ರಿಮೆಂಟಿನ ದಿನ ತಾನಾಗಿ ಬದಲಾಗುವುದಿಲ್ಲ. ಆದರೆ ಅಗ್ರಿಮೆಂಟಿನಲ್ಲೇ ಎರಡು ದಿನ ಇದ್ದರೆ ಯಾವುದು ನಿಜ ಅಂತ ನೀವು ಹೋಗಿ ವಾದ ಮಾಡಬೇಕು.

ಈಗ ಗ್ರೇಸ್. 8.1ರಲ್ಲಿ "ಇನ್ನೂ ಆರು ತಿಂಗಳ ಗ್ರೇಸ್ ಪೀರಿಯಡ್" ಅಂತಿದೆ, 8.4ರಲ್ಲಿ ಅದೇ ಗ್ರೇಸ್ "180 ಕೆಲಸದ ದಿನಗಳು" ಆಗಿದೆ. ಜೂನ್ 30ರಿಂದ 180 ಸಾಮಾನ್ಯ ದಿನ ಎಣಿಸಿದರೆ ಡಿಸೆಂಬರ್ 27, 2028ಕ್ಕೆ ಮುಗಿಯುತ್ತದೆ. ಕೆಲಸದ ದಿನ ಅಂತ ಎಣಿಸಿದರೆ ಭಾನುವಾರ, ಸರ್ಕಾರಿ ರಜೆ ಎಲ್ಲ ಬಿಟ್ಟು ಮುಂದಿನ ವರ್ಷಕ್ಕೆ ಹೋಗುತ್ತದೆ. ಒಂದೇ ಒಂದು ಪದದ ಕೆಲಸ ಇದು. ಎರಡೂ ಕಡೆ "ಡಿಸೆಂಬರ್ 31, 2028ರವರೆಗೆ" ಅಂತ ತಾರೀಖನ್ನೇ ಬರೆಸಿಬಿಡಿ, ಎಣಿಸುವ ತಲೆನೋವೇ ಇರುವುದಿಲ್ಲ.

ಗ್ರೇಸ್ ಬಗ್ಗೆ ಇನ್ನೂ ಎರಡು ವಿಷಯ ಬರವಣಿಗೆಯಲ್ಲಿ ಇರಲೇಬೇಕು. ಒಂದು, ಗ್ರೇಸ್ ಮುಗಿದ ಮೇಲೂ ಮನೆ ಕೊಡದಿದ್ದರೆ ತಡಕ್ಕೆ ಬಿಲ್ಡರ್ ನಿಮಗೆ ಕೊಡಬೇಕಾದ ಬಡ್ಡಿ ಎಲ್ಲಿಂದ ಶುರು, ಜೂನ್ 30ರಿಂದಲೋ ಡಿಸೆಂಬರ್ 31ರಿಂದಲೋ? ನಿಮ್ಮ ಡ್ರಾಫ್ಟ್ ಈ ಬಗ್ಗೆ ಏನೂ ಹೇಳುವುದಿಲ್ಲ. ಗ್ರೇಸ್ ಒಳಗೆ ಕೊಟ್ಟರೆ ಬಡ್ಡಿ ಇಲ್ಲ, ಅದನ್ನೂ ದಾಟಿದರೆ ಜೂನ್ 30ರಿಂದಲೇ ಬಡ್ಡಿ ಅಂತ ಬರೆಸಲು ಪಟ್ಟು ಹಿಡಿಯಿರಿ. ಒಪ್ಪದಿದ್ದರೂ ಯಾವುದಾದರೂ ಒಂದು ದಿನ ಕಾಗದದ ಮೇಲೆ ಇರಲಿ. ಎರಡು, ಪ್ರವಾಹ, ಭೂಕಂಪದಂಥ ಫೋರ್ಸ್ ಮೆಜೂರ್ ಕಾರಣಕ್ಕೆ ಸಿಗುವ ಹೆಚ್ಚುವರಿ ಸಮಯ ಈ ಗ್ರೇಸ್ ಒಳಗೇ ಬರುತ್ತದೋ, ಅದರ ಮೇಲೆ ಇನ್ನೊಂದು ಪದರವಾಗಿ ಕೂರುತ್ತದೋ? ನಿಮ್ಮಲ್ಲಿ ಮೇಲೆ ಕೂರುತ್ತದೆ. ಜೊತೆಗೆ ಆ ಪಟ್ಟಿಯಲ್ಲಿ ಕೂಲಿಯವರ ಕೊರತೆ, ಮರಳಿನ ಕೊರತೆ, "ಬಿಲ್ಡರ್ ಕೈಮೀರಿದ ಯಾವುದೇ ಕಾರಣ" ಎಲ್ಲ ಸೇರಿಸಿದ್ದಾರೆ. ಕಾಯ್ದೆಯ ಸೆಕ್ಷನ್ 6ರಲ್ಲಿ ಇರುವುದು ಯುದ್ಧ, ಪ್ರವಾಹ, ಬರ, ಬೆಂಕಿ, ಚಂಡಮಾರುತ, ಭೂಕಂಪ ಮತ್ತು ಇತರ ಪ್ರಕೃತಿ ವಿಕೋಪ, ಅಷ್ಟೇ. ಮರಳು ಸಿಗಲಿಲ್ಲ ಅನ್ನುವುದು ಅದರಲ್ಲಿ ಇಲ್ಲ. ಪಟ್ಟಿಯನ್ನು ಕಾಯ್ದೆಯಲ್ಲಿ ಇರುವಷ್ಟಕ್ಕೇ ಇಳಿಸಲು ಕೇಳಿ.

ಇನ್ನು ಒಂದು ಕಲಂ ಇನ್ನೊಂದು ಕಲಂ ಕಡೆ ಕೈತೋರಿಸುವ ಜಾಗಗಳು. ಮೊದಲೇ ಹೇಳಿದ ದೊಡ್ಡ ತೊಂದರೆ ಇಲ್ಲೇ ಇದೆ.

8.1 ಶುರುವಾಗುವುದೇ "ಕಲಂ 5.2 ಮತ್ತು ಕಲಂ 14ಕ್ಕೆ ಒಳಪಟ್ಟು" ಅಂತ. ಎರಡನ್ನೂ ತೆರೆದು ನೋಡಿ. 14 ಕಾರ್ ಪಾರ್ಕಿಂಗ್ ಬಗ್ಗೆ! ಫೋರ್ಸ್ ಮೆಜೂರ್ ಇರುವುದು 15ರಲ್ಲಿ. ಹಳೇ ಪ್ರಾಜೆಕ್ಟಿನ ಅಗ್ರಿಮೆಂಟಿಗೆ ಮಧ್ಯೆ ಒಂದು ಪಾರ್ಕಿಂಗ್ ಕಲಂ ತುರುಕಿದ್ದಾರೆ, ಮುಂದಿನ ನಂಬರ್ ಎಲ್ಲ ಒಂದೊಂದು ಜಾರಿದೆ, ಕೈಯಲ್ಲಿ ಟೈಪ್ ಮಾಡಿದ ನಂಬರ್ ಹಾಗೇ ಉಳಿದಿದೆ. ವರ್ಡ್ ಫೈಲಿನಲ್ಲಿ Ctrl+A ಒತ್ತಿ ಆಮೇಲೆ F9 ಒತ್ತಿದರೆ ಲಿಂಕ್ ಇರುವ ನಂಬರ್‌ಗಳು ಸರಿಹೋಗುತ್ತವೆ, ಲಿಂಕ್ ಮುರಿದಿದ್ದರೆ `Error! Reference source not found.` ಅಂತ ಬರುತ್ತದೆ. ಕೈಯಲ್ಲಿ ಟೈಪ್ ಮಾಡಿದ್ದು ಮಾತ್ರ ಜಪ್ಪಯ್ಯ ಅಂದರೂ ಬದಲಾಗುವುದಿಲ್ಲ. ಹಾಗಾಗಿ ಪ್ರತಿಯೊಂದು ನಂಬರನ್ನೂ ಹಿಂಬಾಲಿಸಿ ಹೋಗಿ ಆ ಕಲಂ ಓದಲೇಬೇಕು. ನಂಬರ್ ಜೊತೆಗೆ ಹೆಸರನ್ನೂ ಬರೆಸಿ, "ಕಲಂ 15 (ಫೋರ್ಸ್ ಮೆಜೂರ್)" ಅಂತ. ಆಮೇಲೆ ನಂಬರ್ ಜಾರಿದರೂ ಅರ್ಥ ಜಾರುವುದಿಲ್ಲ.

5.2 ಇನ್ನೂ ಹುಷಾರಾಗಿ ಓದಿ. ಕಂತು ಸಮಯಕ್ಕೆ ಕಟ್ಟಿದರೆ ಮಾತ್ರ ಪೊಸೆಶನ್ ದಿನ ಅನ್ವಯ ಅಂತಿದೆ, ಅದು ಸರಿಯೇ. ಆದರೆ ಅಲ್ಲಿರುವುದು `all allottees`, ಅಂದರೆ ಫ್ಲ್ಯಾಟ್ ಕೊಂಡವರೆಲ್ಲ. ಪಕ್ಕದ ಬ್ಲಾಕಿನಲ್ಲಿ ಯಾರೋ ಒಬ್ಬರು ಒಂದು ಕಂತು ತಡ ಮಾಡಿದರೆ ನಿಮ್ಮ ದಿನವೂ ಹಾರಿಹೋಗುತ್ತದೆ. `the Allottee` ಅಂತ, ಅಂದರೆ ನೀವು ಮಾತ್ರ ಅಂತ ತಿದ್ದಿಸಿ.

ಈಗ 8.4, ಪರಿಹಾರದ ಕಲಂ. "ಪೊಸೆಶನ್ ಡೇಟ್ ದಾಟಿ ತಡವಾದರೆ" ಬಡ್ಡಿ ಕೊಡುತ್ತೇವೆ ಅಂತ ಇದೆ. ಓದಲು ಚೆನ್ನಾಗಿದೆ. ಆದರೆ `Possession Date` ಅಂತ ದೊಡ್ಡಕ್ಷರದಲ್ಲಿದೆ, ಅಂದರೆ ಅದಕ್ಕೆ ಬೇರೆಲ್ಲೋ ಅರ್ಥ ಕೊಟ್ಟಿದ್ದಾರೆ ಅಂತ. ಹಿಂದೆ ಹೋಗಿ ಕಲಂ 1ರ ವ್ಯಾಖ್ಯೆಗಳಲ್ಲಿ ನೋಡಿ: "ಬಿಲ್ಡರ್ ಕಳಿಸುವ ಪೊಸೆಶನ್ ನೋಟಿಸಿನಲ್ಲಿ ನಮೂದಿಸಿದ ದಿನ". ಎರಡನ್ನೂ ಸೇರಿಸಿ ಓದಿ. ಬಿಲ್ಡರ್ 2030ರಲ್ಲಿ ನೋಟಿಸ್ ಕಳಿಸಿದರೆ ಪೊಸೆಶನ್ ಡೇಟ್ 2030. ಆ ದಿನ ಬೀಗದ ಕೈ ಕೊಟ್ಟರೆ ತಡವೇ ಆಗಿಲ್ಲ! 8.1ರ ಜೂನ್ 30ಕ್ಕೂ 8.4ರ ಬಡ್ಡಿಗೂ ಸಂಬಂಧವೇ ಇಲ್ಲದ ಹಾಗೆ ಆಗಿದೆ. ವ್ಯಾಖ್ಯೆಯನ್ನು "ಕಲಂ 8.1ರಲ್ಲಿ ಹೇಳಿದ ಜೂನ್ 30, 2028" ಅಂತ ಬದಲಾಯಿಸಿದರೆ ಎಲ್ಲವೂ ಒಂದೇ ದಿನಕ್ಕೆ ಬಂದು ಸೇರುತ್ತವೆ. ನೀವು ಒಂದೇ ಒಂದು ತಿದ್ದುಪಡಿ ಮಾಡಿಸಲು ಸಾಧ್ಯ ಅಂತಾದರೆ ಇದನ್ನೇ ಮಾಡಿಸಿ.

ಇದರಿಂದ ಎಷ್ಟು ಹಣದ ವ್ಯತ್ಯಾಸ ಅಂತ ನೋಡೋಣ. ಕರ್ನಾಟಕದ ರೇರಾ ನಿಯಮದಲ್ಲಿ ಬಡ್ಡಿ ದರ ಅಂದರೆ ಸ್ಟೇಟ್ ಬ್ಯಾಂಕ್ ಸಾಲಕ್ಕೆ ಆಧಾರವಾಗಿ ಇಟ್ಟುಕೊಳ್ಳುವ ಬಡ್ಡಿ ದರವಾದ ಎಂಸಿಎಲ್‌ಆರ್‌ನಲ್ಲಿ ಅತಿ ಹೆಚ್ಚಿನದರ ಮೇಲೆ ಶೇ 2. ಲೆಕ್ಕಕ್ಕೆ ಒಟ್ಟು ಶೇ 11 ಅಂದುಕೊಳ್ಳಿ, ನೀವು ಕಟ್ಟಿರುವುದು 60 ಲಕ್ಷ ಅಂದುಕೊಳ್ಳಿ. ತಿಂಗಳಿಗೆ 55,000 ರೂಪಾಯಿ ಆಗುತ್ತದೆ. ಜೂನ್ 30, 2028 ಮತ್ತು ಅನುಬಂಧದ 36 ತಿಂಗಳ ಮೇಲೆ ಗ್ರೇಸ್ ಸೇರಿಸಿದ ಸೆಪ್ಟೆಂಬರ್ 10, 2029ರ ನಡುವೆ 14 ತಿಂಗಳಿಗಿಂತ ಜಾಸ್ತಿ ಇದೆ. ಬರೀ 14 ಅಂತ ಹಿಡಿದರೂ 7,70,000 ರೂಪಾಯಿ.

ಹೀಗೆ ಏಕಪಕ್ಷೀಯವಾಗಿ ಬರೆದ ಷರತ್ತು ಕೋರ್ಟಿನಲ್ಲಿ ನಿಲ್ಲುತ್ತದೆಯೇ? ಪಯೋನಿಯರ್ ಅರ್ಬನ್ ಪ್ರಕರಣದಲ್ಲಿ 2019ರಲ್ಲೇ ಸುಪ್ರೀಂ ಕೋರ್ಟ್ ಇಂಥ ಷರತ್ತುಗಳು ಅನುಚಿತ ವ್ಯಾಪಾರ ಪದ್ಧತಿ ಅಂತ ಹೇಳಿದೆ, ಸೆಕ್ಷನ್ 18ರ ಹಕ್ಕೂ ನಿಮ್ಮ ಕೈಯಲ್ಲಿದೆ. ಆದರೆ ಅದೆಲ್ಲ ಕೇಸು ಹಾಕಿ, ವಕೀಲರನ್ನಿಟ್ಟು, ಕಾದ ಮೇಲೆ. ಈಗ ಒಂದು ಇಮೇಲ್‌ನಲ್ಲಿ ಆಗುವ ಕೆಲಸವನ್ನು ಅಲ್ಲಿಯವರೆಗೆ ಯಾಕೆ ಬಿಡಬೇಕು?

ಇನ್ನೊಂದು ಸಣ್ಣದು: 8.2ರಲ್ಲಿ "ಒಳಾಂಗಣ ಕೆಲಸಕ್ಕಾಗಿ ಫ್ಲ್ಯಾಟ್ ಬಿಟ್ಟುಕೊಡುವುದನ್ನೂ ಪೊಸೆಶನ್ ಎಂದು ಪರಿಗಣಿಸತಕ್ಕದ್ದು" ಅಂತಿದೆ. ಅದನ್ನು ತೆಗೆಸಿ. ಒಸಿ, ಅಂದರೆ ಕಟ್ಟಡ ವಾಸಕ್ಕೆ ಯೋಗ್ಯ ಅಂತ ಕೊಡುವ ಪ್ರಮಾಣಪತ್ರ, ಬಂದ ಮೇಲೆ ಕೊಡುವುದೇ ಪೊಸೆಶನ್ ಅಂತ ಇರಬೇಕು.

ತಿದ್ದುಪಡಿಗಳನ್ನು ಫೋನಿನಲ್ಲಿ ಹೇಳಬೇಡಿ. ಕಲಂ ನಂಬರ್, ಈಗ ಇರುವ ಸಾಲು, ನಿಮಗೆ ಬೇಕಾದ ಸಾಲು ಅಂತ ಬರೆದು ಇಮೇಲ್ ಮಾಡಿ. 8.1ಕ್ಕೆ ಇಷ್ಟು ಸಾಕು:

"ಬಿಲ್ಡರ್ ಜೂನ್ 30, 2028ರಂದು ಅಥವಾ ಅದಕ್ಕೂ ಮೊದಲು, ಒಸಿ ಪಡೆದು, ಫ್ಲ್ಯಾಟಿನ ಪೊಸೆಶನ್ ಕೊಡತಕ್ಕದ್ದು. ಡಿಸೆಂಬರ್ 31, 2028ರವರೆಗೆ ಗ್ರೇಸ್ ಇರುತ್ತದೆ. ಅದನ್ನೂ ಮೀರಿದರೆ ಜೂನ್ 30, 2028ರಿಂದ ಬಡ್ಡಿ ಲೆಕ್ಕ ಹಾಕತಕ್ಕದ್ದು. ಈ ಕಲಂಗೂ ಅನುಬಂಧಕ್ಕೂ ವ್ಯತ್ಯಾಸ ಬಂದರೆ ಈ ಕಲಂ ಅನ್ವಯಿಸತಕ್ಕದ್ದು."

ಅವರು ತಿದ್ದಿದ ಫೈಲ್ ಕಳಿಸಿದಾಗ ನೀವು ಕೇಳಿದ ಸಾಲುಗಳನ್ನಷ್ಟೇ ನೋಡಬೇಡಿ. ವರ್ಡ್‌ನಲ್ಲಿ `Review` ಒಳಗೆ `Compare` ಇದೆ, ಹಳೆಯದನ್ನೂ ಹೊಸದನ್ನೂ ಹಾಕಿದರೆ ಬದಲಾದದ್ದೆಲ್ಲ ಬಣ್ಣದಲ್ಲಿ ಕಾಣುತ್ತದೆ. 8ನೇ ಕಲಂಗೆ ಒಂದು ಉಪಕಲಂ ಸೇರಿದ್ದರೆ ನಂಬರ್ ಮತ್ತೆ ಜಾರಿರುತ್ತದೆ, ನಿಮ್ಮ ಹಾಳೆ ತೆಗೆದು ಎಲ್ಲ ನಂಬರನ್ನೂ ಇನ್ನೊಮ್ಮೆ ಹಿಂಬಾಲಿಸಿ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಪ್ರಿಂಟ್ ತರುವವರು ಬಿಲ್ಡರ್ ಕಡೆಯವರೇ ಆಗಿರುತ್ತಾರೆ. ಹಿಂದಿನ ದಿನವೇ ಆ ಪ್ರಿಂಟಿನ ಫೈಲ್ ತರಿಸಿಕೊಂಡು ಕಲಂ 1ರ ವ್ಯಾಖ್ಯೆ, 5.2, 8.1, 8.4, 15 ಮತ್ತು ಅನುಬಂಧ ಇವಿಷ್ಟನ್ನು ಓದಿ. ರಿಜಿಸ್ಟರ್ ಆದ ಮೇಲೆ ಒಂದು ತಾರೀಖು ಬದಲಿಸಬೇಕಿದ್ದರೂ ತಿದ್ದುಪಡಿ ಪತ್ರ ಬರೆದು ಮತ್ತೆ ರಿಜಿಸ್ಟರ್ ಮಾಡಿಸಬೇಕು, ಅದಕ್ಕೆ ಬಿಲ್ಡರ್ ಬಂದು ಸೈನ್ ಹಾಕಬೇಕು.