ದಪ್ಪ ಓಪಿಡಿ ಫೈಲ್‌ನಿಂದ ಪ್ರಾಬ್ಲಮ್ ಲಿಸ್ಟ್

ಪ್ರಶ್ನೆ: ನಾನು ಹೌಸ್ ಸರ್ಜನ್. ಶುಗರ್, ಬಿಪಿ, ಥೈರಾಯ್ಡ್ ಎಲ್ಲಾ ಇರುವವರ ಹತ್ತು ವರ್ಷದ ಫೈಲ್ ಕೊಟ್ಟು ಪ್ರಾಬ್ಲಮ್ ಲಿಸ್ಟ್ ಮಾಡು ಅಂತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲ ಪುಟದಿಂದ ಬೇಡ. ಈಗ ನುಂಗುತ್ತಿರುವ ಮಾತ್ರೆಗಳಿಂದ ಶುರು ಮಾಡಿ. ಚೀಟಿ ಸಾಲದು, ಮನೆಯಲ್ಲಿರುವ ಸ್ಟ್ರಿಪ್‌ಗಳನ್ನೆಲ್ಲ ತರಲು ಹೇಳಿ. ಒಂದೊಂದರ ಮುಂದೆಯೂ ಅದು ಯಾವ ಕಾಯಿಲೆಗೆ ಎಂದು ಬರೆಯಿರಿ. ಉತ್ತರ ಸಿಗದ ಮಾತ್ರೆ ಬಂದರೆ ಅಲ್ಲಿ ನಿಲ್ಲಿ.

62 ವರ್ಷದ ಹೆಂಗಸೊಬ್ಬರ ಫೈಲ್ ಹೀಗಿತ್ತು ಅಂದುಕೊಳ್ಳಿ. ಮೆಟ್‌ಫಾರ್ಮಿನ್ ಶುಗರ್‌ಗೆ, ಥೈರಾಕ್ಸಿನ್ ಥೈರಾಯ್ಡ್‌ಗೆ, ಟೆಲ್ಮಿಸಾರ್ಟನ್ ಮತ್ತು ಆಮ್ಲೋಡಿಪಿನ್ ಬಿಪಿಗೆ. ಫ್ಯೂರೋಸೆಮೈಡ್ ಯಾಕೆ? ಈಚಿನ ಚೀಟಿಗಳಲ್ಲಿ ‘ಹಾರ್ಟ್ ಫೇಲ್ಯೂರ್’ ಎಂದಿದೆ. ಹಿಂದಕ್ಕೆ ಹೋಗುತ್ತಾ ಅದನ್ನು ಮೊದಲ ಬಾರಿ ಬರೆದ ಚೀಟಿ ಹುಡುಕಿ. ಅಲ್ಲಿ ‘?ಹಾರ್ಟ್ ಫೇಲ್ಯೂರ್’ ಎಂದಿತ್ತು. ನಕಲು ಮಾಡುತ್ತಾ ಪ್ರಶ್ನೆ ಚಿಹ್ನೆ ಬಿದ್ದುಹೋಗಿದೆ. ಹಳೇ ಫೈಲ್‌ಗಳಲ್ಲಿ ಇದು ತುಂಬಾ ಆಗುತ್ತದೆ. ಎಕೋ ನಾರ್ಮಲ್ ಇದೆ, ಏದುಸಿರು ಎಲ್ಲೂ ಬರೆದಿಲ್ಲ. ಎಕೋದಲ್ಲಿ ಪಂಪಿಂಗ್ ಚೆನ್ನಾಗಿದ್ದೂ ಹಾರ್ಟ್ ಫೇಲ್ಯೂರ್ ಇರಬಹುದು, ಹಾಗಾಗಿ ಅಷ್ಟಕ್ಕೇ ಅದನ್ನು ಹೊಡೆದು ಹಾಕಬೇಡಿ.

ಈಗ ತಾರೀಖು ಜೋಡಿಸಿ. ಆಮ್ಲೋಡಿಪಿನ್ 5 ಮಿ.ಗ್ರಾಂನಿಂದ 10ಕ್ಕೆ ಏರಿದ ಮುಂದಿನ ಭೇಟಿಯಲ್ಲೇ ‘ಪಾದ ಊತ’ ಬಂದಿದೆ. ಆಮ್ಲೋಡಿಪಿನ್ ಸಣ್ಣ ರಕ್ತನಾಳಗಳಿಂದ ನೀರು ಹೊರಗೆ ಜಿನುಗುವಂತೆ ಮಾಡುತ್ತದೆ. ಮೈಯಲ್ಲಿ ನೀರು ಜಾಸ್ತಿ ನಿಂತು ಬಂದ ಊತ ಅಲ್ಲ ಇದು. ಅದಕ್ಕೇ ಫ್ಯೂರೋಸೆಮೈಡ್‌ಗೆ ಅಷ್ಟಾಗಿ ಬಗ್ಗುವುದಿಲ್ಲ.

ಚೀಲದಲ್ಲಿ ಇನ್ನೊಂದು ಸ್ಟ್ರಿಪ್ ಸಿಕ್ಕಿತು, ಡೈಕ್ಲೋಫೆನಾಕ್. ಮಂಡಿ ನೋವಿಗೆ ಮೆಡಿಕಲ್ ಶಾಪ್‌ನಲ್ಲಿ ಅವರೇ ಕೊಂಡದ್ದು, ಯಾವ ಚೀಟಿಯಲ್ಲೂ ಇಲ್ಲ. ಟೆಲ್ಮಿಸಾರ್ಟನ್, ಫ್ಯೂರೋಸೆಮೈಡ್, ಡೈಕ್ಲೋಫೆನಾಕ್ ಮೂರೂ ಸೇರಿದರೆ ಕಿಡ್ನಿಗೆ ಪೆಟ್ಟು. ಆಗ ಕ್ರಿಯಾಟಿನಿನ್ ರಿಪೋರ್ಟ್‌ಗಳನ್ನೆಲ್ಲ ಒಂದೇ ಸಾಲಿನಲ್ಲಿ ಬರೆಯಿರಿ. ಎರಡು ವರ್ಷದ ಹಿಂದೆ 0.9, ಆರು ತಿಂಗಳ ಹಿಂದೆ 1.4, ಈಗಲೂ 1.4. ಬಿಡಿಯಾಗಿ ನೋಡಿದವರಿಗೆ 1.4 ದೊಡ್ಡದು ಅನ್ನಿಸಿರಲಿಕ್ಕಿಲ್ಲ. ಆದರೆ ಈ ವಯಸ್ಸಿನ ಹೆಂಗಸಿಗೆ ಇಜಿಎಫ್‌ಆರ್ ಸುಮಾರು 42. ಅದು 60ಕ್ಕಿಂತ ಕಡಿಮೆ ಇದ್ದು ಮೂರು ತಿಂಗಳು ದಾಟಿದರೆ ಸಿಕೆಡಿ ಎಂದೇ ಬರೆಯಬೇಕು.

ಅಮೆರಿಕದ ವೈದ್ಯ ಲಾರೆನ್ಸ್ ವೀಡ್ 1968ರಲ್ಲಿ ಈ ಪ್ರಾಬ್ಲಮ್ ಲಿಸ್ಟ್ ಪದ್ಧತಿಯ ಬಗ್ಗೆ ಬರೆದರು. ನಿಮಗೆ ಎಷ್ಟು ಖಚಿತವೋ ಅಷ್ಟನ್ನೇ ಪ್ರಾಬ್ಲಮ್ ಎಂದು ಬರೆಯುವುದು ಅದರ ತಿರುಳು. ಇಲ್ಲಿ ಲಿಸ್ಟ್‌ಗೆ ‘ಹಾರ್ಟ್ ಫೇಲ್ಯೂರ್’ ಹೋಗುವುದಿಲ್ಲ. ‘ಪಾದ ಊತ, ಆಮ್ಲೋಡಿಪಿನ್‌ನಿಂದ ಇರಬಹುದು, ಡೈಕ್ಲೋಫೆನಾಕ್ ಪಾಲೂ ಇರಬಹುದು, ಎಕೋ ನಾರ್ಮಲ್’ ಎಂದು ಹೋಗುತ್ತದೆ. ಮಂಡಿ ನೋವಿಗೆ ಬೇರೆ ಸಾಲು, ಅದರಲ್ಲಿ ‘ಅಂಗಡಿಯಿಂದ ಡೈಕ್ಲೋಫೆನಾಕ್’ ಎಂಬ ಟಿಪ್ಪಣಿ. ಸಿಕೆಡಿ ಸಾಲಿನಲ್ಲಿ ಮೂರು ಕ್ರಿಯಾಟಿನಿನ್‌ಗಳೂ ತಾರೀಖಿನ ಜೊತೆ ಇರಲಿ. ಶುಗರ್, ಬಿಪಿ, ಥೈರಾಯ್ಡ್‌ಗೆ ಒಂದೊಂದು ಸಾಲು ಸಾಕು.

ಮಾತ್ರೆ ನೀವೇ ನಿಲ್ಲಿಸಬೇಡಿ, ಯುನಿಟ್‌ನ ಹಿರಿಯರಿಗೆ ಲಿಸ್ಟ್ ತೋರಿಸಿ. ಅವರು ಆಮ್ಲೋಡಿಪಿನ್ ಇಳಿಸಿ, ಡೈಕ್ಲೋಫೆನಾಕ್ ಬಿಡಿಸಿದ ಮೇಲೆ ಕೆಲವು ವಾರಗಳಲ್ಲಿ ಊತ ಇಳಿದರೆ, ಆ ಸಾಲನ್ನು ಅಳಿಸದೆ ತಾರೀಖು ಹಾಕಿ ‘ವಾಸಿ, ಆಮ್ಲೋಡಿಪಿನ್ 10 ಮಿ.ಗ್ರಾಂ ಮತ್ತೆ ಬೇಡ’ ಎಂದು ತಿದ್ದಿ.