ವಾಟ್ಸಾಪಿಗೆ ಬಂದ ಆಧಾರ್ ಫೋಟೋ

«ಮಲ್ಪೆ ಹತ್ತಿರ ನಮ್ಮ ಹೋಂಸ್ಟೇ. ಒಬ್ಬರು ಆಧಾರ್ ಫೋಟೋ ಮಾತ್ರ ವಾಟ್ಸಾಪಿಗೆ ಹಾಕಿದ್ದಾರೆ, ಒಂದಕ್ಷರ ಬರೆದಿಲ್ಲ. ರಿಜಿಸ್ಟರಿಗೆ ನಂಬರ್ ಬರ್ಕೊಳ್ಳುದಾ?»

ಈಗಲೇ ಬರೆದುಕೊಳ್ಳಬೇಡಿ ಮಾರಾಯ್ರೆ. ಬುಕಿಂಗಿಗೆ ಕಳಿಸಿದ್ದೋ, ಬೇರೆ ಯಾರಿಗೋ ಹೋಗಬೇಕಾದದ್ದು ನಿಮಗೆ ಬಂತೋ ಗೊತ್ತಿಲ್ಲವಲ್ಲ. «ಆಧಾರ್ ಫೋಟೋ ಬಂದಿದೆ, ಯಾವ ತಾರೀಕಿನ ಬುಕಿಂಗಿಗೆ?» ಎಂದಷ್ಟೇ ಕೇಳಿ. ಖಚಿತಪಡಿಸಿಕೊಳ್ಳಲೆಂದು ನಂಬರನ್ನು ಪುನಃ ಟೈಪ್ ಮಾಡಬೇಡಿ. ಫೋಟೋ ಅಳಿಸಿದರೂ ಆ ಸಾಲು ಚಾಟಿನಲ್ಲಿ ಉಳಿಯುತ್ತದೆ, ಹುಡುಕಿದರೆ ಸಿಗುತ್ತದೆ.

ಬುಕಿಂಗಿಗೇ ಎಂದಾದರೆ ಮಾಸ್ಕ್ ಮಾಡಿದ ಆಧಾರ್ ಕೇಳಿ. ಅವರು myaadhaar.uidai.gov.in ನಲ್ಲಿ ಒಟಿಪಿ ಕೊಟ್ಟು, ಡೌನ್‌ಲೋಡ್ ಮಾಡುವಾಗ ಮಾಸ್ಕ್ ಆಯ್ಕೆಗೆ ಟಿಕ್ ಹಾಕಿದರೆ 12 ಅಂಕಿಗಳಲ್ಲಿ ಕೊನೆಯ 4 ಮಾತ್ರ ಕಾಣುತ್ತವೆ. ರಿಜಿಸ್ಟರಿಗೂ ಆ 4 ಅಂಕಿ ಬರೆದಿಟ್ಟು, ಬಂದಾಗ ಕಾರ್ಡನ್ನು ಕಣ್ಣಾರೆ ನೋಡಿ.

ಬಂದ ಫೋಟೋದ ಮೇಲೆ ನೀವೇ ಗೀಚಿ ಇಟ್ಟುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಫೋನಿನ ಹೈಲೈಟರ್ ಬಣ್ಣ ಅರೆಪಾರದರ್ಶಕ, ಬ್ರೈಟ್‌ನೆಸ್ ಏರಿಸಿದರೆ ಅಂಕಿ ಮೂಡಿ ಬರುತ್ತದೆ. ಅಂಕಿ ಪೂರ್ತಿ ಮುಚ್ಚಿದರೂ ಹಳೆಯ ಕಾರ್ಡುಗಳ ಕ್ಯೂಆರ್ ಕೋಡಿನೊಳಗೆ ಇಡೀ ನಂಬರ್ ಇರುತ್ತದೆ. ಹೊಸ ಕ್ಯೂಆರ್‌ನಲ್ಲಿ ಕೊನೆಯ 4 ಅಂಕಿಯಷ್ಟೇ ಇದ್ದರೂ ಹೆಸರು, ವಿಳಾಸ, ಜನ್ಮದಿನಾಂಕ ಎಲ್ಲ ಓದಬಹುದು.

ಅಳಿಸುವಾಗ ಹೆಚ್ಚಿನವರು ತಪ್ಪುವುದು ಇಲ್ಲಿ: ಚಾಟಿನಿಂದ ತೆಗೆದರೆ ಆಯಿತು ಅಂದುಕೊಳ್ಳುತ್ತಾರೆ. ಗ್ಯಾಲರಿ ನೋಡಿ. ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿದ್ದರೆ ಅಲ್ಲಿಂದಲೂ ಅಳಿಸಿ, ಕಸದಬುಟ್ಟಿಯನ್ನೂ ಖಾಲಿ ಮಾಡಿ. ಇಲ್ಲದಿದ್ದರೆ 60 ದಿನ ಅಲ್ಲೇ ಕೂತಿರುತ್ತದೆ.